ಮನೆ ಬಿಟ್ಟು ಬಂದವಳು ಅಂತ ಗಂಡ ಡಿವೋರ್ಸ್ ಕೇಸ್ ಹಾಕಿದ್ದಾರೆ. ಕೋರ್ಟಿನಲ್ಲಿ ನಾನು ಏನು ತೋರಿಸಬೇಕು?

ಪ್ರಶ್ನೆ: ಮೇಡಂ, ನನಗೆ 34 ವರ್ಷ. 2016ರಲ್ಲಿ ಮದುವೆಯಾಗಿ ದಾವಣಗೆರೆಗೆ ಹೋದೆ. ಗಂಡ ಕುಡಿದು ಬಂದು ಹೊಡೆಯುತ್ತಿದ್ದರು. 2021ರಲ್ಲಿ ಕೈ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ "ಬಚ್ಚಲಲ್ಲಿ ಜಾರಿ ಬಿದ್ದೆ" ಅಂದಿದ್ದೆ. 2022ರ ಏಪ್ರಿಲ್‌ನಲ್ಲಿ ಮಗಳನ್ನು ಕರೆದುಕೊಂಡು ಶಿವಮೊಗ್ಗದ ತವರಿಗೆ ಬಂದೆ. ಇಲ್ಲೇ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದೇನೆ. 2023ರ ದೀಪಾವಳಿಗೆ ಹಿರಿಯರು ಕೂತು ಮಾತಾಡಿ ವಾಪಸ್ ಕಳಿಸಿದರು. ಮೂರು ವಾರ ಇದ್ದೆ. ಮತ್ತೆ ಅದೇ ಶುರುವಾಯಿತು, ಡಿಸೆಂಬರ್ ಮೊದಲ ವಾರ ಬಂದುಬಿಟ್ಟೆ. ಈಗ ಫ್ಯಾಮಿಲಿ ಕೋರ್ಟಿಂದ ನೋಟಿಸ್ ಬಂದಿದೆ. 2025ರ ಜೂನ್‌ನಲ್ಲಿ ಕೇಸ್ ಹಾಕಿದ್ದಾರೆ. ನಾನು ಮೂರು ವರ್ಷದಿಂದ ಬಿಟ್ಟು ಹೋಗಿದ್ದೇನೆ, ಬೇರೆ ಮನೆ ಮಾಡು ಅಂತ ಪೀಡಿಸುತ್ತಿದ್ದೆ ಅಂತ ಬರೆದಿದ್ದಾರೆ. ನಾನು ಪೊಲೀಸ್ ಕಂಪ್ಲೇಂಟ್ ಕೊಟ್ಟಿಲ್ಲ. ಅಕ್ಕಪಕ್ಕದವರು ಸಾಕ್ಷಿಗೆ ಬರಲ್ಲ. ಹಳೆ ಫೋನಿನಲ್ಲಿ ಅವರ ವಾಯ್ಸ್ ಮೆಸೇಜ್ ಇವೆ, ಅಷ್ಟೆ. ನನಗೂ ಡಿವೋರ್ಸ್ ಬೇಕು. ಆದರೆ "ಬಿಟ್ಟು ಹೋದವಳು" ಅಂತ ಆಗೋದು ಬೇಡ. ಹಾಗೆ ತೀರ್ಪಾದರೆ ಜೀವನಾಂಶವೂ ಸಿಗಲ್ಲ ಅಂತ ಎಲ್ಲರೂ ಹೆದರಿಸುತ್ತಿದ್ದಾರೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ದೀಪಾವಳಿಯ ಆ ಮೂರು ವಾರ. ನೀವು ಅದನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆದರೆ ಈ ಕೇಸು ತಿರುಗುವುದೇ ಅದರ ಮೇಲೆ.

ಎರಡು ವರ್ಷ ಬೇರೆ ಇದ್ದರೆ ಡಿವೋರ್ಸ್ ತಾನಾಗೇ ಸಿಗುತ್ತದೆ ಅಂತ ಜನ ನಂಬಿದ್ದಾರೆ. ಹಾಗಿಲ್ಲ. ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 13ರಲ್ಲಿ ಪರಿತ್ಯಾಗ, ಅಂದರೆ ಎಲ್ಲರೂ ಡೆಸರ್ಷನ್ ಅನ್ನುವುದು, ಡಿವೋರ್ಸ್‌ಗೆ ಒಂದು ಕಾರಣ ಹೌದು. ಆದರೆ ಕೇಸ್ ಹಾಕಿದ ದಿನದಿಂದ ಹಿಂದಕ್ಕೆ ಎಣಿಸಿದರೆ ಎರಡು ವರ್ಷ, ನಡುವೆ ಎಲ್ಲೂ ಕಡಿಯದೆ, ಬಿಟ್ಟಿರಬೇಕು. ಒಟ್ಟು ಕೂಡಿಸಿ ಎರಡು ವರ್ಷ ಆದರೆ ಸಾಲದು. ನೀವು 2023ರ ನವೆಂಬರ್‌ನಲ್ಲಿ ವಾಪಸ್ ಹೋಗಿ ಸಂಸಾರ ಶುರು ಮಾಡಿದ್ದು ನಿಜವಾದರೆ, 2022ರಿಂದ ಓಡುತ್ತಿದ್ದ ಲೆಕ್ಕ ಅಲ್ಲಿಗೆ ನಿಂತಿತು. ಹೊಸ ಲೆಕ್ಕ ಡಿಸೆಂಬರ್‌ನಿಂದ. ಅಲ್ಲಿಂದ 2025ರ ಜೂನ್‌ಗೆ ಒಂದೂವರೆ ವರ್ಷ ಅಷ್ಟೆ. ಅಂದರೆ ಪರಿತ್ಯಾಗದ ಮಟ್ಟಿಗೆ ಅವರ ಅರ್ಜಿ ಅವಧಿಗೆ ಮೊದಲೇ ಬಂದಿದೆ.

ಅವರ ಅರ್ಜಿಯನ್ನು ಇನ್ನೊಮ್ಮೆ ಓದಿ. ದೀಪಾವಳಿಯ ವಿಷಯ ಅದರಲ್ಲಿ ಇದೆಯಾ? ಬಹುಶಃ ಇರುವುದಿಲ್ಲ. ಇದ್ದರೂ "ಹಬ್ಬಕ್ಕೆ ಬಂದು ಹೋದಳು" ಅಂತ ಇರುತ್ತದೆ. ಹಬ್ಬಕ್ಕೆ ಬಂದು ಹೋಗುವುದು ಬೇರೆ, ಬಾಳಲು ಬರುವುದು ಬೇರೆ. ಬರೀ ಹಬ್ಬಕ್ಕೆ ಬಂದಿದ್ದರೆ ಲೆಕ್ಕ ಕಡಿಯುವುದಿಲ್ಲ. ಹಾಗಾಗಿ ನೀವು ಬಾಳಲು ಹೋಗಿದ್ದಿರಿ ಅನ್ನುವುದನ್ನು ತೋರಿಸಬೇಕು. ಶಾಲೆಗೆ ಕೊಟ್ಟ ರಜೆ ಚೀಟಿ, ಅದರಲ್ಲಿ ಬರೆದ ಕಾರಣ, ಮಗಳಿಗೆ ದಾವಣಗೆರೆಯಲ್ಲಿ ಶಾಲೆ ಹುಡುಕಿದ್ದರೆ ಅದರ ಗುರುತು, ಹಿರಿಯರು ಮಾತಾಡಿದ ದಿನದ ಮೆಸೇಜುಗಳು, ಬಟ್ಟೆಬರೆ ಎಲ್ಲ ಕಟ್ಟಿಕೊಂಡು ಹೋದದ್ದನ್ನು ಕಂಡ ನಿಮ್ಮ ಅಮ್ಮ ಅಥವಾ ಅಣ್ಣನ ಮಾತು. ಇಂಥ ಸಣ್ಣಪುಟ್ಟವೇ ಇಲ್ಲಿ ತೂಕದ ಸಾಕ್ಷ್ಯ.

ಆದರೆ ಇದನ್ನೇ ನಂಬಿ ಕೂರಬೇಡಿ. ಅವಧಿಗೆ ಮೊದಲು ಹಾಕಿದ ಅರ್ಜಿ ಬಿದ್ದುಹೋದರೆ, 2025ರ ಡಿಸೆಂಬರ್ ದಾಟಿದ ಮೇಲೆ ಅವರು ಅದೇ ಕಾರಣಕ್ಕೆ ಹೊಸ ಅರ್ಜಿ ಹಾಕಬಹುದು. ಈ ವಾದದಿಂದ ಸಿಗುವುದು ಸ್ವಲ್ಪ ಸಮಯ, ಸ್ವಲ್ಪ ಬಲ. ಪೂರ್ತಿ ಉತ್ತರ ಇರುವುದು ಮುಂದಿನ ಪ್ರಶ್ನೆಯಲ್ಲಿ: ನೀವು ಯಾಕೆ ಬಂದಿರಿ?

ಯಾರು ಹೊಸ್ತಿಲು ದಾಟಿದರು ಅನ್ನುವುದನ್ನಷ್ಟೇ ನೋಡಿ ಕೋರ್ಟು ಪರಿತ್ಯಾಗ ತೀರ್ಮಾನಿಸುವುದಿಲ್ಲ. ಬಿಪಿನ್‌ಚಂದ್ರ ಶಾ ಅವರ ಕೇಸಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಹಳೆಯ ತೀರ್ಪು ಇವತ್ತಿಗೂ ಬುನಾದಿ. ಬೇರೆ ಇರುವುದು ಒಂದು. ಇನ್ನು ಸಂಸಾರವೇ ಬೇಡ ಅನ್ನುವ ಉದ್ದೇಶ ಇನ್ನೊಂದು. ಎರಡೂ ಸೇರಬೇಕು. ಸರಿಯಾದ ಕಾರಣ ಇಲ್ಲದೆ, ಗಂಡನ ಒಪ್ಪಿಗೆ ಇಲ್ಲದೆ ಬಿಟ್ಟಿರಬೇಕು. ಇದನ್ನೆಲ್ಲ ಸಾಬೀತು ಮಾಡುವ ಹೊಣೆ ಕೇಸ್ ಹಾಕಿದವರದ್ದು. ಆ ಕೇಸಿನಲ್ಲಿ ಮನೆ ಬಿಟ್ಟದ್ದು ಹೆಂಡತಿಯೇ. ಆಮೇಲೆ ಆಕೆ ವಾಪಸ್ ಬರಲು ತಯಾರಾದಾಗ, ಕಳಿಸಬೇಡಿ ಅಂತ ಗಂಡನೇ ಮಾವನಿಗೆ ತಂತಿ ಹೊಡೆದಿದ್ದ. ಆ ತಂತಿ ಅವನ ಕೇಸಿಗೆ ದೊಡ್ಡ ಪೆಟ್ಟಾಯಿತು.

ಈಗ ತಂತಿ ಇಲ್ಲ, ವಾಟ್ಸಾಪ್ ಇದೆ. 2022ರ ಏಪ್ರಿಲ್ ನಂತರದ ಮೆಸೇಜು ಪೂರ್ತಿ ಓದಿ. "ಬಾ" ಅಂತ ಅವರು ಒಮ್ಮೆಯಾದರೂ ಬರೆದಿದ್ದಾರಾ? ಬರಬೇಡ ಅಂದಿದ್ದಾರಾ? ಮಗಳ ಫೀಸು ಕೇಳಿದಾಗ ಏನಂದರು? ದಾಂಪತ್ಯ ಪುನರಾರಂಭಿಸಿ ಕೊಡಿ ಅಂತ ಸೆಕ್ಷನ್ 9ರ ಅರ್ಜಿ ಹಾಕಿದ್ದರಾ? ಹೆಂಡತಿ ಬಿಟ್ಟು ಹೋದಳು ಅಂತ ದುಃಖ ಹೇಳುವವರು ಮೂರು ವರ್ಷದಲ್ಲಿ ಒಂದು ಪತ್ರವನ್ನೂ ಬರೆಯದೆ ಇದ್ದರೆ, ಆ ಮೌನವನ್ನೂ ಕೋರ್ಟು ಗಮನಿಸುತ್ತದೆ. ನಿಮ್ಮ ಕಡೆಯಿಂದ ಸಿಟ್ಟಿನಲ್ಲಿ "ನಾನು ಇನ್ನು ಕಾಲಿಡಲ್ಲ" ಅಂತ ಬರೆದ ಮೆಸೇಜು ಇದ್ದರೆ ಅದನ್ನು ಅಳಿಸಬೇಡಿ, ವಕೀಲರಿಂದ ಮುಚ್ಚಿಡಲೂ ಬೇಡಿ. ಅದು ಅವರ ಫೋನಿನಲ್ಲೂ ಇದೆ. ಹೊಡೆತಕ್ಕೆ ಹೆದರಿ ಬಂದವರು ಹಾಗೆ ಬರೆಯುವುದು ಸಹಜ ಅಂತ ವಿವರಿಸಬಹುದು. ಪಾಟಿ ಸವಾಲಿನಲ್ಲಿ ದಿಢೀರಂತ ಎದುರಿಗೆ ಬಂದರೆ ವಿವರಿಸುವುದು ಕಷ್ಟ.

ಹೊಡೆದು ಬಡಿದು ಇರಲಾರದ ಹಾಗೆ ಮಾಡಿದ್ದರಿಂದ ಹೆಂಡತಿ ಮನೆ ಬಿಟ್ಟರೆ, ಕಾನೂನಿನ ಕಣ್ಣಲ್ಲಿ ಬಿಟ್ಟವನು ಗಂಡ. ಅಂದರೆ ನಿಮ್ಮ ವಿಷಯದಲ್ಲಿ ಪರಿತ್ಯಾಗ, ಕ್ರೌರ್ಯ ಎರಡೂ ಒಂದೇ ಗಂಟು. ಕ್ರೌರ್ಯ ತೋರಿಸಿದರೆ ಅವರ ಪರಿತ್ಯಾಗದ ವಾದ ತಾನೇ ಕಳಚುತ್ತದೆ.

ಕೌಂಟರ್ ಕ್ಲೇಮ್, ಮತ್ತು ಒಂದು ಅಪಾಯದ ಸಾಲು

ಅವರ ಅರ್ಜಿಗೆ ಬರೀ ಆಕ್ಷೇಪಣೆ ಹಾಕಿ ಗೆದ್ದರೆ ನಿಮಗೆ ಸಿಗುವುದೇನು? ಅವರ ಅರ್ಜಿ ವಜಾ. ಮದುವೆ ಹಾಗೇ ಉಳಿಯಿತು. ನಿಮಗೆ ಡಿವೋರ್ಸ್ ಬೇಕು ಅಲ್ವಾ? ಅದಕ್ಕೆ ಸೆಕ್ಷನ್ 23ಎ ಇದೆ. ಗಂಡನ ಅರ್ಜಿಗೆ ಉತ್ತರ ಕೊಡುವಾಗಲೇ, ಅವರ ಕ್ರೌರ್ಯದ ಕಾರಣಕ್ಕೆ ನನಗೆ ವಿಚ್ಛೇದನ ಕೊಡಿ ಅಂತ ಕೌಂಟರ್ ಕ್ಲೇಮ್ ಹಾಕಬಹುದು. ಒಂದೇ ಕೋರ್ಟು, ಒಂದೇ ವಿಚಾರಣೆ. ನಾಳೆ ಅವರು ತಮ್ಮ ಅರ್ಜಿ ವಾಪಸ್ ತೆಗೆದುಕೊಂಡರೂ ನಿಮ್ಮದು ನಡೆಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಡೆ ಹೆಂಡತಿ ಪರ ಆಕ್ಷೇಪಣೆ ಟೈಪ್ ಮಾಡುವಾಗ ಕೊನೆಗೆ ಒಂದು ಸಾಲು ರೂಢಿಯಂತೆ ಬಂದುಬಿಡುತ್ತದೆ: "ಪ್ರತಿವಾದಿಯು ಈಗಲೂ ಅರ್ಜಿದಾರರೊಂದಿಗೆ ಸಹಬಾಳ್ವೆ ನಡೆಸಲು ಸಿದ್ಧಳಿದ್ದಾಳೆ." ಬರೀ ಅರ್ಜಿ ವಜಾ ಆಗಲಿ ಅನ್ನುವವರಿಗೆ ಈ ಸಾಲು ಸರಿ. ಆದರೆ ಕೈ ಮುರಿದರು, ಜೀವಭಯ ಇದೆ, ಡಿವೋರ್ಸ್ ಕೊಡಿ ಅಂತ ಮೇಲೆ ಬರೆದು, ಕೆಳಗೆ ಸಹಬಾಳ್ವೆಗೆ ಸಿದ್ಧ ಅಂದರೆ ಎದುರು ವಕೀಲರಿಗೆ ಹಬ್ಬ. ಹೊಡೆಯುವವರ ಜೊತೆ ಯಾರಾದರೂ ಬಾಳಲು ಸಿದ್ಧ ಅಂತಾರಾ ಅಂತ ಕೇಳುತ್ತಾರೆ. ಸಹಿ ಹಾಕುವ ಮೊದಲು ಪ್ರತಿ ಪುಟ ಓದಿ, ಈ ಸಾಲು ಇದ್ದರೆ ತೆಗೆಸಿ.

ಇನ್ನು ಮತ್ತೆ ದೀಪಾವಳಿಗೆ ಬರೋಣ. ಕೌಂಟರ್ ಕ್ಲೇಮ್ ಹಾಕಿದ ಕೂಡಲೇ ಅವರ ಕಡೆಯಿಂದ ಒಂದು ವಾದ ಬರುತ್ತದೆ. "2021ರಲ್ಲಿ ಕೈ ಮುರಿದೆ ಅಂತಾಳೆ, 2023ರಲ್ಲಿ ತಾನೇ ಬಂದು ಸಂಸಾರ ಮಾಡಿದಳು. ಅಂದರೆ ಕ್ಷಮಿಸಿದ ಹಾಗಾಯಿತು." ಈ ವಾದಕ್ಕೆ ಕಾನೂನಿನ ಬಲ ಇದೆ. ಸೆಕ್ಷನ್ 23ರ ಪ್ರಕಾರ ಕ್ರೌರ್ಯವನ್ನು ಮನ್ನಿಸಿ ಮತ್ತೆ ಜೊತೆಗೆ ಬಾಳಿದವರಿಗೆ ಅದೇ ಕ್ರೌರ್ಯದ ಮೇಲೆ ಡಿವೋರ್ಸ್ ಸಿಗುವುದಿಲ್ಲ. ಆದರೆ ಈ ಕ್ಷಮೆಗೆ ಷರತ್ತು ಇದೆ. ಇನ್ನು ಮುಂದೆ ಹಾಗೆ ಮಾಡಬಾರದು ಅನ್ನುವ ಷರತ್ತು. ಮತ್ತೆ ತಪ್ಪಿದರೆ ಹಳೆಯದಕ್ಕೂ ಜೀವ ಬರುತ್ತದೆ. 1975ರ ದಾಸ್ತಾನೆ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ಅಲ್ಲಿ ಹೆಂಡತಿಯ ಕ್ರೌರ್ಯ ಸಾಬೀತಾಗಿತ್ತು, ಆದರೆ ಗಂಡ ಅದನ್ನು ಮನ್ನಿಸಿದ್ದ ಅಂತ ಕಂಡುಬಂದು ಆತನ ಅರ್ಜಿ ಬಿತ್ತು.

ಈಗ ಅವರ ಪೇಚು ನೋಡಿ. ಆ ಮೂರು ವಾರ ಬರೀ ಹಬ್ಬದ ಭೇಟಿ ಅಂದರೆ, ನೀವು ಕ್ಷಮಿಸಿದಿರಿ ಅನ್ನುವ ವಾದ ನಿಲ್ಲುವುದಿಲ್ಲ. ಕ್ಷಮಿಸಿ ಸಂಸಾರ ಮಾಡಿದಿರಿ ಅಂದರೆ, ಮೂರು ವರ್ಷದ ಪರಿತ್ಯಾಗದ ಲೆಕ್ಕ ಕಡಿಯುತ್ತದೆ. ಎರಡನ್ನೂ ಒಟ್ಟಿಗೆ ಹಿಡಿಯಲು ಅವರಿಗೆ ಆಗುವುದಿಲ್ಲ. ನಿಮ್ಮ ನಿಲುವು ಮಾತ್ರ ಒಂದೇ ಆಗಿರಬೇಕು: ನಂಬಿ ಬಾಳಲು ಹೋದೆ, ಅಲ್ಲಿ ಮತ್ತೆ ಇಂಥಿಂಥದ್ದು ಆಯಿತು, ಬಂದೆ. ಆ "ಇಂಥಿಂಥದ್ದು" ಏನು ಅನ್ನುವುದು ನಿಮ್ಮ ಪತ್ರದಲ್ಲಿ ಇಲ್ಲ. "ಮತ್ತೆ ಅದೇ ಶುರುವಾಯಿತು" ಅಂತ ಕೋರ್ಟಿನಲ್ಲಿ ಬರೆದರೆ ಅದು ಏನನ್ನೂ ಹೇಳಿದ ಹಾಗಲ್ಲ. ಆ ಮೂರು ವಾರವನ್ನು ದಿನ ದಿನವಾಗಿ ನೆನಪಿಸಿಕೊಂಡು ಈಗಲೇ ಒಂದು ಹಾಳೆಯಲ್ಲಿ ಬರೆಯಿರಿ.

ಕ್ರೌರ್ಯಕ್ಕೆ ಎಷ್ಟು ಸಾಕ್ಷ್ಯ ಸಾಕು

ಕೊಲೆ ಕೇಸಿನಲ್ಲಿ ಬೇಕಾಗುವ ಹಾಗೆ ಒಂದು ಚೂರೂ ಸಂಶಯ ಉಳಿಯದ ಪುರಾವೆ ಇಲ್ಲಿ ಬೇಕಿಲ್ಲ. ಇಬ್ಬರ ಮಾತು, ಕಾಗದ ಎಲ್ಲ ತೂಗಿ ನೋಡಿದಾಗ ಯಾವುದು ನಡೆದಿರುವ ಸಾಧ್ಯತೆ ಜಾಸ್ತಿ ಅನ್ನಿಸುತ್ತದೋ ಅದು ಸಾಕು. ಇದನ್ನೂ ಹೇಳಿದ್ದು ಅದೇ ದಾಸ್ತಾನೆ ತೀರ್ಪು. ನಾಲ್ಕು ಗೋಡೆಯ ಒಳಗೆ ನಡೆದದ್ದಕ್ಕೆ ಅಕ್ಕಪಕ್ಕದವರೇ ಬರಬೇಕು ಅಂತ ಯಾವ ನ್ಯಾಯಾಧೀಶರೂ ಕೇಳುವುದಿಲ್ಲ. ಮೊದಲ ಸಾಕ್ಷಿ ನೀವೇ. ಎರಡನೆಯದು ನಿಮ್ಮ ಅಮ್ಮ ಅಥವಾ ಅಕ್ಕ. ಹತ್ತಿರದವರು ಅನ್ನುವ ಕಾರಣಕ್ಕೆ ಅವರ ಮಾತನ್ನು ತಳ್ಳಿಹಾಕುವುದಿಲ್ಲ, ಇಂಥ ವಿಷಯ ಗೊತ್ತಿರುವುದೇ ಹತ್ತಿರದವರಿಗೆ. ಆದರೆ ಅವರು ಕಣ್ಣಾರೆ ಕಂಡದ್ದು, ಕಿವಿಯಾರೆ ಕೇಳಿದ್ದು ಹೇಳಬೇಕು. "ನನ್ನ ಮಗಳಿಗೆ ತುಂಬಾ ಹಿಂಸೆ ಕೊಟ್ಟರು" ಅಂತ ಅಮ್ಮ ಹೇಳಿದರೆ ತೂಕ ಕಡಿಮೆ. "ಅವಳು ಬಸ್ಸಿನಿಂದ ಇಳಿದಾಗ ಎಡಗಣ್ಣಿನ ಕೆಳಗೆ ಕಪ್ಪಗಾಗಿತ್ತು, ಮಗು ಅಪ್ಪನ ಹೆಸರು ಎತ್ತಿದರೆ ಅಳುತ್ತಿತ್ತು" ಅಂದರೆ ತೂಕ ಬೇರೆ.

ಹಾಗೆಯೇ ನಿಮ್ಮ ಕೌಂಟರ್ ಕ್ಲೇಮ್. ಐದಾರು ಘಟನೆ ಸಾಕು. ಯಾವ ತಿಂಗಳು, ಯಾವ ಕೋಣೆ, ಯಾರು ಇದ್ದರು, ಏನು ಮಾತು, ಆಮೇಲೆ ಏನಾಯಿತು. ಅಡುಗೆಗೆ ಉಪ್ಪು ಜಾಸ್ತಿ ಅಂದರು, ನಾದಿನಿ ಮುಖ ಸಿಂಡರಿಸಿದರು ಅನ್ನುವುದನ್ನೆಲ್ಲ ತುಂಬಿದರೆ ಗಟ್ಟಿ ಘಟನೆಗಳು ಮುಚ್ಚಿಹೋಗುತ್ತವೆ. ಸಂಸಾರದ ಮಾಮೂಲಿ ಜಗಳ ಕ್ರೌರ್ಯ ಅಲ್ಲ ಅಂತ ಸುಪ್ರೀಂ ಕೋರ್ಟು ಹಲವು ಬಾರಿ ಹೇಳಿದೆ. ಇನ್ನೊಂದು, ಅರ್ಜಿಯಲ್ಲಿ ಬರೆಯದ ಘಟನೆಯನ್ನು ಆಮೇಲೆ ಸಾಕ್ಷಿ ಹೇಳುವಾಗ ಸೇರಿಸಿದರೆ ಅದನ್ನು ಪರಿಗಣಿಸುವುದು ಅನುಮಾನ. "ಇದು ನಿಮ್ಮ ಅರ್ಜಿಯಲ್ಲಿ ಎಲ್ಲಿದೆ ತೋರಿಸಿ" ಅಂತ ಕೇಳಿದರೆ ಉತ್ತರ ಇರುವುದಿಲ್ಲ.

ಅವರ ಅರ್ಜಿಯಲ್ಲಿರುವ "ಬೇರೆ ಮನೆ" ಆರೋಪದ ಬಗ್ಗೆ ಎರಡು ಮಾತು. ಇದನ್ನು ಬರೆಯುವವರು 2016ರ ನರೇಂದ್ರ ತೀರ್ಪನ್ನು ತೋರಿಸುತ್ತಾರೆ. ಅದು ಬೆಂಗಳೂರಿನ ಕೇಸು. ಆದರೆ ಅಲ್ಲಿ ಹೆಂಡತಿ ಆತ್ಮಹತ್ಯೆಯ ಬೆದರಿಕೆ ಹಾಕಿದ್ದು, ಗಂಡನ ಮೇಲೆ ಆಧಾರ ಇಲ್ಲದ ಅನೈತಿಕ ಸಂಬಂಧದ ಆರೋಪ ಮಾಡಿದ್ದು ಎಲ್ಲ ಸೇರಿತ್ತು. ಹೊಡೆತ ತಪ್ಪಿಸಿಕೊಳ್ಳಲು ಬೇರೆ ಇರೋಣ ಅಂತ ಒಬ್ಬಳು ಕೇಳುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ.

ಆಸ್ಪತ್ರೆ ಚೀಟಿ ನಿಮಗೆ ತುಂಬಾ ಚಿಂತೆ ತಂದಿದೆ ಅಂತ ಕಾಣುತ್ತದೆ. ಹೊಡೆತ ತಿಂದು ಆಸ್ಪತ್ರೆಗೆ ಹೋದ ಹೆಂಗಸರಲ್ಲಿ ಎಷ್ಟೋ ಜನ ಜಾರಿ ಬಿದ್ದೆ ಅಂತಲೇ ಹೇಳಿರುತ್ತಾರೆ. ಫ್ಯಾಮಿಲಿ ಕೋರ್ಟಿಗೆ ಇದು ಹೊಸದಲ್ಲ. ಎಕ್ಸ್‌ರೇ, ಚೀಟಿ ಎರಡನ್ನೂ ನೀವೇ ಮೊದಲು ಹಾಜರುಪಡಿಸಿ. ಸುಳ್ಳು ಯಾಕೆ ಹೇಳಿದಿರಿ ಅನ್ನುವುದನ್ನು ನಿಮ್ಮ ಮುಖ್ಯ ವಿಚಾರಣೆಯ ಅಫಿಡವಿಟ್‌ನಲ್ಲೇ ಬರೆಯಿರಿ. ಆಸ್ಪತ್ರೆಗೆ ಕರೆದುಕೊಂಡು ಹೋದವರು ಯಾರು? ಡಾಕ್ಟರ್ ಕೇಳುವಾಗ ಪಕ್ಕದಲ್ಲಿ ನಿಂತಿದ್ದವರು ಯಾರು? ಗಂಡನೇ ಆಗಿದ್ದರೆ ಆ ಒಂದು ವಿವರ ನಿಮ್ಮ ಸುಳ್ಳಿಗೆ ಕಾರಣ ಹೇಳುತ್ತದೆ. ಚೀಟಿ ಕಳೆದಿದ್ದರೆ ಆಸ್ಪತ್ರೆಯ ದಾಖಲೆ ತರಿಸಲು ಕೋರ್ಟಿಗೆ ಅರ್ಜಿ ಹಾಕಬಹುದು. ಚೀಟಿಯಿಂದ ಅವರು ಹೊಡೆದರು ಅಂತ ಸಾಬೀತಾಗುವುದಿಲ್ಲ. ಇಂಥ ದಿನ ಕೈ ಮುರಿದಿತ್ತು ಅಂತ ಸಾಬೀತಾಗುತ್ತದೆ. ಉಳಿದದ್ದನ್ನು ವಾಯ್ಸ್ ಮೆಸೇಜು ತುಂಬಬೇಕು.

ಆ ಹಳೆ ಫೋನು

ಮುರಿದ ಕೈಗೆ ಪಟ್ಟಿ ಹಾಕಿದ ವಾರದಲ್ಲಿ ಅವರು ಕಳಿಸಿದ ಮೆಸೇಜು ಹುಡುಕಿ. ಕುಡಿತ ಇಳಿದ ಮೇಲೆ "ತಪ್ಪಾಯ್ತು, ಇನ್ನು ಮೈ ಮುಟ್ಟಲ್ಲ" ಅನ್ನುವ ಥರದ ಒಂದು ಮಾತು ಅದರಲ್ಲಿ ಇದ್ದರೆ ಅದು ಅವರ ಬಾಯಿಂದಲೇ ಬಂದ ಒಪ್ಪಿಗೆ. ಹತ್ತು ನೆರೆಹೊರೆಯವರ ಸಾಕ್ಷಿಗಿಂತ ಅದರ ಬೆಲೆ ಜಾಸ್ತಿ.

ಆದರೆ ಸ್ಕ್ರೀನ್‌ಶಾಟ್ ಪ್ರಿಂಟ್ ಮಾಡಿ ಫೈಲಿಗೆ ಸೇರಿಸಿದರೆ ಕೆಲಸ ಆಗಲಿಲ್ಲ. 2024ರ ಜುಲೈ 1ರಿಂದ ಹಳೆಯ ಸಾಕ್ಷ್ಯ ಕಾಯ್ದೆಯ ಬದಲು ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಫೋನಿನಿಂದ ತೆಗೆದ ಪ್ರತಿಯನ್ನು ಕೋರ್ಟಿಗೆ ಕೊಡಬೇಕಾದರೆ ಅದರ ಸೆಕ್ಷನ್ 63ರ ಪ್ರಮಾಣಪತ್ರ ಬೇಕು. ಅದರಲ್ಲಿ ಎರಡು ಭಾಗ. ಒಂದನ್ನು ನೀವು ಕೊಡಬೇಕು: ಯಾವ ಫೋನು, ಯಾರ ಬಳಕೆಯಲ್ಲಿತ್ತು, ಹೇಗೆ ಪ್ರತಿ ತೆಗೆದಿರಿ. ಇನ್ನೊಂದನ್ನು ಈ ವಿಷಯ ಗೊತ್ತಿರುವ ತಜ್ಞರು ಕೊಡಬೇಕು. ಪ್ರತಿ ಫೈಲಿಗೂ ಹ್ಯಾಶ್ ವ್ಯಾಲ್ಯೂ ಅಂತ ಒಂದು ಉದ್ದದ ಅಂಕಿ ಅಕ್ಷರಗಳ ಸಾಲು ಬರುತ್ತದೆ, ಅದನ್ನು ಪ್ರಮಾಣಪತ್ರದಲ್ಲಿ ನಮೂದಿಸಬೇಕು. ಆಮೇಲೆ ಆ ಫೈಲಿನಲ್ಲಿ ಒಂದು ಸೆಕೆಂಡು ಕತ್ತರಿಸಿದರೂ ಆ ಸಾಲು ಬದಲಾಗುತ್ತದೆ, ತಿದ್ದಿದ್ದು ಗೊತ್ತಾಗುತ್ತದೆ. ಫ್ಯಾಮಿಲಿ ಕೋರ್ಟ್ ಕಾಯ್ದೆಯ ಸೆಕ್ಷನ್ 14 ಸಾಕ್ಷ್ಯದ ವಿಷಯದಲ್ಲಿ ಕೋರ್ಟಿಗೆ ಸ್ವಲ್ಪ ಸಡಿಲ ಕೊಟ್ಟಿದೆ ನಿಜ. ಅದನ್ನು ನಂಬಿ ಪ್ರಮಾಣಪತ್ರ ಬಿಟ್ಟು, ಅಪೀಲಿನಲ್ಲಿ ಒದ್ದಾಡುವುದು ಬೇಡ.

ಹಾಗಾಗಿ ಆ ಫೋನನ್ನು ಮಾರಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಮಗಳ ಕೈಗೆ ಆಟಕ್ಕೆ ಕೊಡಬೇಡಿ. ಮೆಸೇಜನ್ನು ಅಕ್ಕನಿಗೆ ಫಾರ್ವರ್ಡ್ ಮಾಡಿ ಅವರ ಫೋನಿನಿಂದ ಪ್ರತಿ ತೆಗೆಯುವುದೂ ಬೇಡ. ಮೂಲ ಇರುವುದು ನಿಮ್ಮ ಹಳೆ ಫೋನಿನಲ್ಲಿ. ವಾಯ್ಸ್ ಮೆಸೇಜಿನ ಮಾತನ್ನು ಇದ್ದ ಹಾಗೇ ಬರೆದು ಜೊತೆಗೆ ಕೊಡಿ, ಬೈಗುಳ ಇದ್ದರೆ ಬೈಗುಳವನ್ನೂ. ನಿಮಗೆ ಬೇಕಾದ ಎರಡು ಮೆಸೇಜು ಮಾತ್ರ ಹೆಕ್ಕದೆ ಹಿಂದುಮುಂದಿನ ಮಾತುಕತೆಯನ್ನೂ ಕೊಡಿ. ಇಲ್ಲದಿದ್ದರೆ ಉಳಿದದ್ದನ್ನು ಅವರು ತರುತ್ತಾರೆ.

ಗುಟ್ಟಾಗಿ ರೆಕಾರ್ಡ್ ಮಾಡಿದ ಗಂಡ ಹೆಂಡತಿ ಮಾತು ಕೋರ್ಟಿನಲ್ಲಿ ನಡೆಯಲ್ಲ ಅಂತ ಯಾರೋ ಹೇಳಿರಬಹುದು. ನಿಮ್ಮ ವಿಷಯದಲ್ಲಿ ಆ ಪ್ರಶ್ನೆಯೇ ಇಲ್ಲ, ಇವು ಅವರೇ ಕಳಿಸಿದ ಮೆಸೇಜುಗಳು. ಫೋನ್ ಕರೆ ರೆಕಾರ್ಡ್ ಮಾಡಿದ್ದಿದ್ದರೂ 2025ರ ಜುಲೈನಲ್ಲಿ ವಿಭೋರ್ ಗರ್ಗ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ದಂಪತಿ ನಡುವಿನ ವ್ಯಾಜ್ಯದಲ್ಲಿ ಅಂಥ ರೆಕಾರ್ಡಿಂಗನ್ನು ಸಾಕ್ಷ್ಯವಾಗಿ ತೆಗೆದುಕೊಳ್ಳಬಹುದು ಅಂದಿದೆ. ಅದು ಅಸಲಿಯಾ ನಕಲಿಯಾ ಅನ್ನುವ ಪರೀಕ್ಷೆ ಮಾತ್ರ ತಪ್ಪುವುದಿಲ್ಲ. ಹಾಗಂತ ಅವರ ಇಮೇಲಿನ ಪಾಸ್‌ವರ್ಡ್ ಊಹಿಸಿ ಒಳಗೆ ಹೋಗಬೇಡಿ. ಅದು ಬೇರೆಯೇ ಅಪರಾಧ.

ಪೊಲೀಸ್ ಕಂಪ್ಲೇಂಟ್ ಇಲ್ಲದಿದ್ದರೆ ಕ್ರೌರ್ಯ ಸಾಬೀತಾಗಲ್ಲ ಅನ್ನುವುದು ಸುಳ್ಳು. ಕಂಪ್ಲೇಂಟ್ ಕೊಡುವುದು ನಿಮ್ಮ ಹಕ್ಕು. ಹೆಂಡತಿಗೆ ಹಿಂಸೆ ಕೊಡುವುದನ್ನು ಅಪರಾಧ ಅನ್ನುವ ಹಿಂದಿನ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 85 ಆಗಿದೆ, ಅದಕ್ಕೆ ಮೂರು ವರ್ಷದ ಕಾಲಮಿತಿಯೂ ಇದೆ. ಆದರೆ ಡಿವೋರ್ಸ್ ನೋಟಿಸ್ ಬಂದ ವಾರದಲ್ಲೇ, ಅತ್ತೆ, ಮಾವ, ದುಬೈಯಲ್ಲಿರುವ ಮೈದುನ ಎಲ್ಲರ ಹೆಸರು ಸೇರಿಸಿ ಕಂಪ್ಲೇಂಟ್ ಕೊಟ್ಟರೆ ಅದು ಕೇಸಿಗೆ ಎದುರು ಕೇಸು ಅನ್ನಿಸುತ್ತದೆ. ಅದರಲ್ಲಿ ಸುಳ್ಳು ಇದೆ ಅಂತ ಸಾಬೀತಾದರೆ ಆ ಸುಳ್ಳೇ ನಿಮ್ಮ ಕಡೆಯ ಕ್ರೌರ್ಯ ಆಗುತ್ತದೆ. 2013ರ ಕೆ. ಶ್ರೀನಿವಾಸ ರಾವ್ ತೀರ್ಪು ಇದೇ ವಿಷಯದ್ದು. ಡಿವೋರ್ಸ್ ಕೇಸಿಗೆ ಬಲ ಬರಲಿ ಅಂತ ಮಾತ್ರ ಕಂಪ್ಲೇಂಟ್ ಕೊಡಿ ಅಂತ ನಾನು ಯಾರಿಗೂ ಹೇಳುವುದಿಲ್ಲ.

ಕಟಕಟೆಯಲ್ಲಿ

ಫ್ಯಾಮಿಲಿ ಕೋರ್ಟಿನಲ್ಲಿ ಕನ್ನಡದಲ್ಲೇ ಸಾಕ್ಷಿ ಹೇಳಬಹುದು. ನಿಮ್ಮ ಉತ್ತರವನ್ನು ನ್ಯಾಯಾಧೀಶರು ಬರೆಸುವ ಕ್ರಮ ಒಂಥರಾ ಇರುತ್ತದೆ. ಎದುರು ವಕೀಲರು ಕೇಳುತ್ತಾರೆ: "2023ರಲ್ಲಿ ನೀವಾಗಿಯೇ ಗಂಡನ ಮನೆಗೆ ಹೋಗಿದ್ದಿರಿ, ಸರಿ ತಾನೇ?" ನೀವು ಹೌದು ಅಂದರೆ ದಾಖಲೆಯಲ್ಲಿ ಬರುವುದು: "ನಾನಾಗಿಯೇ ಗಂಡನ ಮನೆಗೆ ಹೋಗಿದ್ದೆ ಎಂದರೆ ಸರಿ." ಮುಂದಿನ ಪ್ರಶ್ನೆ: "ಆಗ ನಿಮ್ಮ ಗಂಡ ನಿಮ್ಮನ್ನು ಚೆನ್ನಾಗಿ ನೋಡಿಕೊಂಡರು?" ಇಲ್ಲಿ "ಮೊದಲು ಚೆನ್ನಾಗಿದ್ದರು, ಆಮೇಲೆ..." ಅಂತ ಎಳೆಯುವ ಮೊದಲೇ ಅರ್ಧ ದಾಖಲಾಗಿಬಿಟ್ಟರೆ ಕಷ್ಟ. "ಸರಿಯಲ್ಲ. ಮೊದಲ ವಾರ ಸುಮ್ಮನಿದ್ದರು, ಎರಡನೇ ವಾರ ಕುಡಿದು ಬಂದು ಹೊಡೆದರು" ಅಂತ ಒಂದೇ ಉಸಿರಿಗೆ ಹೇಳಿ. ಬರೆಸಿದ್ದನ್ನು ಓದಿ ಹೇಳುವಾಗ ಗಮನ ಕೊಡಿ. ನೀವು ಹೇಳದ್ದು ಬಂದಿದ್ದರೆ ಸಹಿಗೆ ಮೊದಲು ಅಲ್ಲೇ ಹೇಳಿ. ನೆನಪಿಲ್ಲದ್ದಕ್ಕೆ ನೆನಪಿಲ್ಲ ಅನ್ನುವುದು ತಪ್ಪಲ್ಲ. ಸುಮ್ನೆ ಊಹಿಸಿ ಹೇಳಿದ ಒಂದು ದಿನಾಂಕ ಆಸ್ಪತ್ರೆ ಚೀಟಿಗೆ ಹೊಂದದೆ ಹೋದರೆ ಉಳಿದ ಮಾತಿಗೂ ಸಂಶಯ ತಗಲುತ್ತದೆ.

ಇಷ್ಟೆಲ್ಲ ಬೇಕಾ ಅಂತ ನಿಮಗೆ ಅನ್ನಿಸಬಹುದು. ಇಬ್ಬರಿಗೂ ಡಿವೋರ್ಸ್ ಬೇಕಿರುವಾಗ ಸೆಕ್ಷನ್ 13ಬಿ ಪ್ರಕಾರ ಪರಸ್ಪರ ಒಪ್ಪಿಗೆಯ ದಾರಿ ಇದೆ. ಅದರಲ್ಲಿ ಯಾರು ಬಿಟ್ಟರು, ಯಾರು ಹೊಡೆದರು ಅನ್ನುವ ಮಾತೇ ತೀರ್ಪಿನಲ್ಲಿ ಬರುವುದಿಲ್ಲ. ಆರು ತಿಂಗಳು ಕಾಯಬೇಕು ಅನ್ನುವ ನಿಯಮವನ್ನು ಕೋರ್ಟು ಸೂಕ್ತ ಕೇಸಿನಲ್ಲಿ ಮನ್ನಾ ಮಾಡಬಹುದು ಅಂತ 2017ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಫ್ಯಾಮಿಲಿ ಕೋರ್ಟು ಹೇಗೂ ನಿಮ್ಮನ್ನು ಮೀಡಿಯೇಷನ್‌ಗೆ ಕಳಿಸುತ್ತದೆ. ಅಲ್ಲಿ ಆಡಿದ ಮಾತು ಗೌಪ್ಯ, ಕೇಸಿನಲ್ಲಿ ಬಳಸುವ ಹಾಗಿಲ್ಲ. ಒಪ್ಪಿಗೆ ಇಲ್ಲದೆ ಹೋರಾಡುವ ಡಿವೋರ್ಸ್ ಕೇಸು ಆರು ತಿಂಗಳಲ್ಲಿ ಮುಗಿಯಬೇಕು ಅಂತ ಕಾಯ್ದೆಯ ಆಶಯ. ನಾನು ಕಂಡ ಹಾಗೆ ಎರಡು ಮೂರು ವರ್ಷ ಹಿಡಿಯುವುದು ಮಾಮೂಲು, ಮೇಲೆ ಹೈಕೋರ್ಟಿನ ಅಪೀಲು ಬೇರೆ.

ಒಪ್ಪಿಗೆ ದಾರಿಯ ಅಪಾಯ ಅಂದರೆ, ಕೊನೆಯ ದಿನದವರೆಗೂ ಇಬ್ಬರಲ್ಲಿ ಯಾರು ಬೇಕಾದರೂ ಹಿಂದೆ ಸರಿಯಬಹುದು. ಹಾಗಾಗಿ ಆಕ್ಷೇಪಣೆ, ಕೌಂಟರ್ ಕ್ಲೇಮ್ ಮೊದಲು ಫೈಲ್ ಆಗಲಿ, ಆಮೇಲೆ ಮಾತುಕತೆ. ಫೋನಿನ ದಾಖಲೆ ಎದುರಿಗಿದ್ದರೆ ಆ ಕಡೆಯ ಧ್ವನಿಯೂ ಬೇರೆ ಇರುತ್ತದೆ. ರಾಜಿಪತ್ರದಲ್ಲಿ ನಿಮ್ಮ ಒಡವೆ, ಮೊತ್ತ, ಅದನ್ನು ಯಾವ ದಿನ ಡಿಡಿ ಮೂಲಕ ಕೊಡುತ್ತಾರೆ ಅನ್ನುವುದೆಲ್ಲ ಬರೆಸಿ. ಮಗಳ ಖರ್ಚಿನ ಹಕ್ಕನ್ನು ಬಿಟ್ಟುಕೊಟ್ಟೆ ಅಂತ ಸಾಲು ಇದ್ದರೆ ಒಪ್ಪಬೇಡಿ. ಅದು ಮಗಳ ಹಕ್ಕು.

"ಸಂಸಾರ ಮುರಿದುಬಿದ್ದಿದೆ, ಅಷ್ಟು ಸಾಕು, ಡಿವೋರ್ಸ್ ಕೊಡಿ" ಅಂತ ದಾವಣಗೆರೆ ಕೋರ್ಟಿನಲ್ಲಿ ಕೇಳಲು ಆಗುವುದಿಲ್ಲ. ಆ ಕಾರಣಕ್ಕೆ ಮದುವೆ ಮುರಿಯುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ, ಸಂವಿಧಾನದ 142ನೇ ವಿಧಿಯಲ್ಲಿ. 2023ರ ಶಿಲ್ಪಾ ಶೈಲೇಶ್ ತೀರ್ಪು ಅದನ್ನು ಸ್ಪಷ್ಟ ಮಾಡಿದೆ.

ಜೀವನಾಂಶದ ಹೆದರಿಕೆ ಅರ್ಧ ಸತ್ಯ. ಮದುವೆ ಉಳಿದಿರುವಾಗ ಸರಿಯಾದ ಕಾರಣ ಇಲ್ಲದೆ ಗಂಡನ ಜೊತೆ ಇರಲು ಒಪ್ಪದ ಹೆಂಡತಿಗೆ ಜೀವನಾಂಶ ಇಲ್ಲ ಅನ್ನುವ ನಿಯಮ ಇದೆ, ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ ಸೆಕ್ಷನ್ 125ರಲ್ಲಿ ಇತ್ತು, ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ರಲ್ಲೂ ಇದೆ. ಆದರೆ ಪರಿತ್ಯಾಗದ ಕಾರಣಕ್ಕೆ ಡಿವೋರ್ಸ್ ಆದರೂ, ಡಿವೋರ್ಸ್ ಆದ ಹೆಂಡತಿಯಾಗಿ ಅದೇ ಸೆಕ್ಷನ್‌ನಲ್ಲಿ ಜೀವನಾಂಶ ಕೇಳಬಹುದು ಅಂತ 2000ದ ರೋಹ್ತಾಶ್ ಸಿಂಗ್ ತೀರ್ಪು ಹೇಳುತ್ತದೆ. ನಿಮ್ಮ ಸಂಬಳವನ್ನು ಕೋರ್ಟು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಮುಚ್ಚಿಡಬೇಡಿ. 2020ರಿಂದ ಇಬ್ಬರೂ ಆದಾಯ, ಆಸ್ತಿಯ ಅಫಿಡವಿಟ್ ಕೊಡಲೇಬೇಕು, ಶಾಲೆಯಿಂದ ಸಂಬಳದ ವಿವರ ತರಿಸುವುದು ಅವರಿಗೆ ಕಷ್ಟವಲ್ಲ. ಕೇಸು ನಡೆಯುವಾಗಲೇ ಹಿಂದೂ ವಿವಾಹ ಕಾಯ್ದೆಯ ಸೆಕ್ಷನ್ 24ರಲ್ಲಿ ಮಧ್ಯಂತರ ಜೀವನಾಂಶ, ದಾವಣಗೆರೆಗೆ ಓಡಾಡುವ ಖರ್ಚು, ವಕೀಲರ ಫೀಸು ಕೇಳಿ. ಓಡಾಟ ಆಗುವುದೇ ಇಲ್ಲ ಅಂದರೆ ಕೇಸನ್ನು ಶಿವಮೊಗ್ಗಕ್ಕೆ ವರ್ಗಾಯಿಸಲು ಹೈಕೋರ್ಟಿಗೆ ಅರ್ಜಿ ಹಾಕಬಹುದು. ಚಿಕ್ಕ ಮಗು, ಶಾಲೆ ಕೆಲಸ ಎರಡೂ ಇರುವ ಹೆಂಡತಿಯ ಅನುಕೂಲಕ್ಕೆ ಸಾಮಾನ್ಯವಾಗಿ ಬೆಲೆ ಕೊಡುತ್ತಾರೆ.

ನೋಟಿಸಿನಲ್ಲಿರುವ ದಿನಾಂಕಕ್ಕೆ ನೀವಾಗಲಿ ನಿಮ್ಮ ವಕೀಲರಾಗಲಿ ಹಾಜರಿರಲೇಬೇಕು. ಇಲ್ಲದಿದ್ದರೆ ಎಕ್ಸ್ ಪಾರ್ಟಿ ಮಾಡುತ್ತಾರೆ, ಅಂದರೆ ನಿಮ್ಮ ಗೈರಿನಲ್ಲೇ ಕೇಸು ನಡೆಸುತ್ತಾರೆ. ಆಗ ದೀಪಾವಳಿಯ ಮಾತೇ ಎತ್ತದ ಅವರ ಅಫಿಡವಿಟ್‌ಗೆ ಎದುರು ಹೇಳುವವರು ಯಾರೂ ಇರುವುದಿಲ್ಲ. ಹಾಜರಾದ ಮೇಲೆ ಆಕ್ಷೇಪಣೆಗೆ ಸಾಮಾನ್ಯವಾಗಿ 30 ದಿನ, ಕೋರ್ಟು ಒಪ್ಪಿದರೆ ಇನ್ನೂ ಸ್ವಲ್ಪ. ವಕೀಲರಿಗೆ ಕೊಡಲು ದುಡ್ಡಿಲ್ಲ ಅಂದರೆ ಶಿವಮೊಗ್ಗದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯದ ಮಿತಿ ನೋಡದೆ ಉಚಿತ ವಕೀಲರನ್ನು ಕೊಡುತ್ತಾರೆ, ಸಂಬಳ ಬರುತ್ತದೆ ಅಂತ ಹಿಂಜರಿಯಬೇಡಿ. ಹೋಗುವಾಗ ನೋಟಿಸು, ಅರ್ಜಿಯ ಪ್ರತಿ, ಎಕ್ಸ್‌ರೇ, ರಜೆ ಚೀಟಿ, ಚಾರ್ಜ್ ಮಾಡಿದ ಹಳೆ ಫೋನು ಜೊತೆಗಿರಲಿ.